ದೊಡ್ಡಪ್ಪ ಕಳಿಸಿದ ನೆಲ

ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬರುವ ಶುಭೋದಯ, ದೇವರ ಪಟ, ಮಂಡಿನೋವಿಗೆ ಮೆಂತ್ಯದ ಉಪಚಾರ ಇವನ್ನೆಲ್ಲ ತೆರೆದೂ ನೋಡದೆ ಕೈಮುಗಿದು ಮುಂದೆ ಸಾಗುವ ಜನ, ಒಂದು ಬಗೆಯ ಚಿತ್ರ ಬಂದಾಗ ಮಾತ್ರ ಎದ್ದು ಕೂರುತ್ತಾರೆ. ಅದರಲ್ಲಿ ಜೇಬಿನ ಒಳಗಿನ ಮಬ್ಬೋ, ಮನೆಯ ನೆಲವೋ, ಯಾರದೋ ಬೆರಳೋ ಇರುತ್ತದೆ. ಕೆಳಗೆ ಒಂದಕ್ಷರವೂ ಇರುವುದಿಲ್ಲ. ವಿವರಣೆಯಿರುವ ಚಿತ್ರವನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ವಿವರಣೆಯಿಲ್ಲದ್ದನ್ನು ಹಿಗ್ಗಿಸಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡುತ್ತಾರೆ.

ಇಂಥ ಚಿತ್ರ ತನ್ನಷ್ಟಕ್ಕೆ ತಾನೇ ಹೊರಡುವುದಿಲ್ಲ. ತೆರೆದ ಗುಂಪಿನಿಂದ ಅದು ಹೋಗಬೇಕಾದರೆ ಬರೆಯುವ ಜಾಗದ ಪಕ್ಕದ ಕ್ಯಾಮೆರಾ ಗುರುತನ್ನು ಒಮ್ಮೆ, ಕೆಳಗೆ ನಡುವಿನಲ್ಲಿರುವ ದುಂಡು ಗುಂಡಿಯನ್ನು ಒಮ್ಮೆ, ಬಲಮೂಲೆಯ ಹಸಿರು ಬಾಣವನ್ನು ಒಮ್ಮೆ ಮುಟ್ಟಬೇಕು. ಮೂರು ತಪ್ಪುಗಳು ಸಾಲಾಗಿ ಒಬ್ಬನಿಂದಲೇ ಆಗುವುದುಂಟೇ ಎಂದು ಕೇಳಬಹುದು. ಆಗುತ್ತವೆ, ಏಕೆಂದರೆ ಈ ಮೂರೂ ಪರದೆಯ ಕೆಳಭಾಗದಲ್ಲೇ ಇವೆ. ಬಲಗೈಯಲ್ಲಿ ಫೋನು ಹಿಡಿದು ಓಡಾಡುವವರ ಹೆಬ್ಬೆರಳು ಕೆಲಸವಿಲ್ಲದೆ ಸುಳಿದಾಡುವ ಜಾಗವೂ ಅದೇ. ಓದುತ್ತಿದ್ದ ಗುಂಪನ್ನು ಮುಚ್ಚದೆ, ಕೈಯನ್ನು ಪಕ್ಕಕ್ಕೆ ಇಳಿಬಿಟ್ಟು ಹಾಲಿನವನನ್ನು ಮಾತಾಡಿಸಲು ಹೊರಟರೆ ಸಾಕು, ಕ್ಯಾಮೆರಾ ನೆಲವನ್ನು ನೋಡುತ್ತದೆ, ಹೆಬ್ಬೆರಳು ಉಳಿದದ್ದನ್ನು ನೋಡಿಕೊಳ್ಳುತ್ತದೆ. ಆದ್ದರಿಂದ ನೆಲದ ಚಿತ್ರ ಬಂತೆಂದರೆ ಕಳಿಸಿದವರು ನಡೆಯುತ್ತಿದ್ದರು, ಆರೋಗ್ಯವಾಗಿದ್ದರು ಎಂದೇ ತಿಳಿಯುವುದು ನ್ಯಾಯ. ನಮ್ಮವರು ಹಾಗೆ ತಿಳಿಯುವುದಿಲ್ಲ.

ಜೇಬಿನ ಚಿತ್ರದ ಬಗೆ ಬೇರೆ. ಪರದೆ ಕೆಲಸ ಮಾಡುವುದು ಒತ್ತಡದಿಂದಲ್ಲ, ಚರ್ಮದ ವಿದ್ಯುತ್ ಗುಣದಿಂದ. ತೆಳುವಾದ ಹತ್ತಿ ಬಟ್ಟೆ ಬೆವರಿನಿಂದ ಒದ್ದೆಯಾಗಿದ್ದರೆ ಅದರಾಚೆಗಿನ ಎದೆಯೂ ಪರದೆಗೆ ಬೆರಳಿನಂತೆಯೇ ತೋರಬಹುದು. ಅಂಗಿಯ ಜೇಬಿನಲ್ಲಿ ಪರದೆ ಒಳಮುಖವಾಗಿದ್ದರೆ ಕ್ಯಾಮೆರಾ ಹೊರಮುಖವಾಗಿರುತ್ತದೆ. ಹಾಗಾಗಿ ಆ ಚಿತ್ರ ಪೂರ್ತಿ ಕಪ್ಪಲ್ಲ. ಬಿಳಿ ಬಟ್ಟೆಯ ಮೂಲಕ ಸೋಸಿ ಬಂದ ಬೆಳಕು, ಮಸುಕಾದ ನೂಲಿನ ಎಳೆಗಳು ಅದರಲ್ಲಿರುತ್ತವೆ. ಪೂರ್ತಿ ಕಪ್ಪಾಗಿದ್ದು ಅಲ್ಲಲ್ಲಿ ರವೆಯಂಥ ಚುಕ್ಕಿಗಳಿದ್ದರೆ ಅದು ಪ್ಯಾಂಟಿನ ಜೇಬು.

ಬೆರಳಿನ ಚಿತ್ರವನ್ನು ಎಲ್ಲರೂ ಹೆಬ್ಬೆರಳೆಂದೇ ಕರೆಯುತ್ತಾರೆ, ಆದರೆ ಅದು ಬಹುಮಟ್ಟಿಗೆ ತೋರುಬೆರಳು. ಹೆಬ್ಬೆರಳು ಪರದೆಯ ಕಡೆ ಗುಂಡಿ ಒತ್ತುವ ಕೆಲಸದಲ್ಲಿರುತ್ತದೆ. ಹಿಂಬದಿಯ ಮಸೂರದ ಮೇಲೆ ಹಾಯಾಗಿ ಮಲಗುವುದು ಅದರ ಪಕ್ಕದವನು. ಫ್ಲ್ಯಾಶ್ ಹೊತ್ತಿಕೊಂಡಿದ್ದರೆ ಚಿತ್ರವಿಡೀ ಕೆಂಪಾಗುತ್ತದೆ, ಏಕೆಂದರೆ ರಕ್ತವು ನೀಲಿ ಮತ್ತು ಹಸಿರು ಬೆಳಕನ್ನು ಹೆಚ್ಚಾಗಿ ಹೀರಿ ಕೆಂಪನ್ನು ಬಿಟ್ಟುಕೊಡುತ್ತದೆ. ಫೋನಿನಲ್ಲಿ ನಾಡಿ ಎಣಿಸುವ ಆ್ಯಪ್‌ಗಳು ನಡೆಯುವುದೂ ಇದೇ ಕೆಂಪಿನ ಏರಿಳಿತದ ಮೇಲೆ. ಒಂದೇ ಚಿತ್ರದಿಂದ ನಾಡಿ ಎಣಿಸಲಾಗದು, ನಿಜ. ಆದರೂ ಕೆಂಪು ಪಟವೊಂದನ್ನು ಕಂಡು ಗಾಬರಿಯಾಗುವ ಬಂಧುಗಳಿಗೆ, ಕಳಿಸಿದವರ ಮೈಯಲ್ಲಿ ರಕ್ತ ಇರಬೇಕಾದ ಜಾಗದಲ್ಲೇ ಇದೆಯೆಂದು ಧೈರ್ಯ ಹೇಳಬಹುದು.

ಇಷ್ಟು ವಿದ್ಯೆ ನನಗಿದ್ದೂ, ಅರಸೀಕೆರೆಯ ದೊಡ್ಡಪ್ಪನಿಂದ ಒಂದು ಬೆಳಗಿನ ಜಾವ ನೆಲದ ಚಿತ್ರ ಬಂದಾಗ ಅದು ಯಾರಿಗೂ ಉಪಯೋಗಕ್ಕೆ ಬರಲಿಲ್ಲ. ದೊಡ್ಡಪ್ಪ ಸೇವೆಯ ಬಹುಭಾಗವನ್ನು ತಂತಿ ಕಚೇರಿಯಲ್ಲಿ ಕಳೆದವರು. ಪದಕ್ಕಿಷ್ಟು ಎಂದು ಹಣ ಎಣಿಸಿಕೊಂಡು ಜನರ ಹುಟ್ಟು ಸಾವುಗಳನ್ನು ನಾಲ್ಕಾರು ಪದಗಳಿಗೆ ಇಳಿಸುತ್ತಿದ್ದ ಅವರು, 2013ರ ಜುಲೈನಲ್ಲಿ ಆ ಸೇವೆ ನಿಂತುಹೋದಾಗ ಒಂದು ಹೊತ್ತು ಸರಿಯಾಗಿ ಊಟ ಮಾಡಿರಲಿಲ್ಲ. ಅಂಥವರಿಂದ ಪದವೇ ಇಲ್ಲದ ಸಂದೇಶ ಬಂದದ್ದು ಗಾಬರಿಗೆ ಮೊದಲ ಕಾರಣ.

ಚಿತ್ರದಲ್ಲಿದ್ದದ್ದು ಹಳೆಯ ಮನೆಯ ರೆಡ್ ಆಕ್ಸೈಡ್ ನೆಲ, ಅದರ ಕಪ್ಪು ಅಂಚಿನ ಒಂದು ತುಂಡು, ಒಂದು ಹವಾಯಿ ಚಪ್ಪಲಿಯ ಮುಂಭಾಗ. ಮೈಸೂರಿನ ಚಿಕ್ಕಪ್ಪ ಹಿಗ್ಗಿಸಿ ನೋಡಿ, “ನೆಲ ಒದ್ದೆ ಇದೆ, ಅಣ್ಣ ಜಾರಿರಬೇಕು” ಎಂದು ಬರೆದರು. ಅದು ಒದ್ದೆಯಲ್ಲ, ತಲೆಮಾರುಗಳ ಕಾಲ ತೆಂಗಿನೆಣ್ಣೆ ಹಾಕಿ ಒರೆಸಿದ ಹೊಳಪು ಎಂದು ನಾನು ಬರೆಯುವಷ್ಟರಲ್ಲಿ, “ಚಪ್ಪಲಿ ಒಂದೇ ಕಾಣ್ತಿದೆ, ಇನ್ನೊಂದೆಲ್ಲಿ?” ಎಂದು ಚಿಕ್ಕಮ್ಮ ಕೇಳಿಯಾಗಿತ್ತು. ಇದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಹಿಂದಿನ ದಿನದ ಸಂಜೆಯಲ್ಲಿದ್ದ ದೊಡ್ಡಪ್ಪನ ಮಗ ಮೇಲಿಂದ ಮೇಲೆ ಕರೆ ಮಾಡಿದ, ಯಾರೂ ಎತ್ತಲಿಲ್ಲ. ದೂರದ ನೆಂಟರೊಬ್ಬರು, ಯಾವುದಕ್ಕೂ ಇರಲಿ ಎಂದು, ಕೈಮುಗಿದ ಗುರುತೊಂದನ್ನು ಹಾಕಿದರು. ಅದನ್ನು ಕಂಡು ಇನ್ನಿಬ್ಬರಿಗೆ ಎದೆ ಹೊಡೆದುಕೊಂಡಿತು.

ಕೊನೆಗೆ ಎದುರು ಮನೆಯವರನ್ನು ಓಡಿಸಲಾಯಿತು. ಬಾಗಿಲು ತೆರೆದದ್ದು ಸ್ವತಃ ದೊಡ್ಡಪ್ಪ, ಒದ್ದೆ ಪಂಚೆಯಲ್ಲಿ, ಕೈಯಲ್ಲಿ ವಿಭೂತಿಯ ಬಟ್ಟಲು ಹಿಡಿದು. ಹಾಲು ತೆಗೆದುಕೊಂಡು, ಫೋನನ್ನು ಚಾರ್ಜಿಗೆ ಹಾಕಿ, ಸ್ನಾನಕ್ಕೆ ಹೋಗಿದ್ದರಂತೆ. “ನಾನ್ಯಾವ ಫೋಟೋ ಕಳಿಸಿದೆ? ನನಗೆ ಫೋಟೋ ಕಳಿಸೋಕೇ ಬರಲ್ಲವಲ್ಲಪ್ಪ” ಎಂದರು. ಅದೂ ನಿಜವೇ. ಹಿಂದಿನ ವಾರ ತೋಟದ ಹಲಸಿನ ಹಣ್ಣಿನ ಚಿತ್ರ ಕಳಿಸಲು ಅವರು ಅರ್ಧ ದಿನ ಹೆಣಗಿ ಕೈಬಿಟ್ಟಿದ್ದರು.

ಇನ್ನು ಅಳಿಸುವ ಪಾಠ. ಕಳಿಸಿ ಎರಡೂವರೆ ದಿನದವರೆಗೆ ಅದನ್ನು ಎಲ್ಲರ ಫೋನಿನಿಂದಲೂ ತೆಗೆಯಬಹುದು. 2017ರಲ್ಲಿ ಈ ಸೌಲಭ್ಯ ಬಂದ ಹೊಸದರಲ್ಲಿ ಏಳೇ ನಿಮಿಷವಿತ್ತು, ನಮ್ಮ ದೊಡ್ಡಪ್ಪನಿಗೆ ಅಷ್ಟರಲ್ಲಿ ಕನ್ನಡಕವೂ ಸಿಗುತ್ತಿರಲಿಲ್ಲ. ಚಿತ್ರವನ್ನು ಒತ್ತಿ ಹಿಡಿಯಿರಿ, ಕಸದ ಬುಟ್ಟಿಯ ಗುರುತು ಬರುತ್ತದೆ, ಅದನ್ನು ಮುಟ್ಟಿದರೆ ಎಲ್ಲರಿಗೂ ಅಳಿಸುವುದೋ ನಿಮಗೆ ಮಾತ್ರವೋ ಎಂದು ಕೇಳುತ್ತದೆ ಎಂದು ನಾನು ಫೋನಿನಲ್ಲಿ ಹೇಳಿಕೊಟ್ಟೆ. ಊರಿನವರಿಗೆಲ್ಲ ಏಕೆ ತೊಂದರೆ ಕೊಡಬೇಕು ಎಂಬ ಸಂಕೋಚದಿಂದ ಅವರು ತಮಗೆ ಮಾತ್ರ ಎಂಬುದನ್ನು ಒತ್ತಿದರು. ಅದನ್ನು ಹಿಂತೆಗೆದುಕೊಳ್ಳಲು ಕೆಲವೇ ಸೆಕೆಂಡುಗಳ ಅವಕಾಶವಿರುತ್ತದೆ, ಆ ಸೆಕೆಂಡುಗಳಲ್ಲಿ ಅವರು, “ಹೋಯ್ತು ನೋಡು, ಎಷ್ಟು ಸುಲಭ!” ಎಂದು ಸಂತೋಷಪಡುತ್ತಿದ್ದರು. ಚಿತ್ರ ಅವರೊಬ್ಬರ ಫೋನಿನಿಂದ ಹೋಯಿತು, ನಮ್ಮೆಲ್ಲರ ಫೋನಿನಲ್ಲಿ ಉಳಿಯಿತು. ಗುಂಪಿನ ಅಡ್ಮಿನ್ ಯಾರ ಸಂದೇಶವನ್ನಾದರೂ ಅಳಿಸಬಹುದು, ಆದರೆ ಅಡ್ಮಿನ್ ಆಗಿದ್ದ ದೊಡ್ಡಪ್ಪನ ಮಗ ಅಷ್ಟರಲ್ಲಿ ನೆಮ್ಮದಿಯಿಂದ ಮಲಗಿದ್ದ.

ಹೀಗೆ ಉಳಿದ ಚಿತ್ರವನ್ನು ಚಿಕ್ಕಪ್ಪ ಮತ್ತೊಮ್ಮೆ ಹಿಗ್ಗಿಸಿ ನೋಡಿ ಕಪ್ಪು ಅಂಚಿನಲ್ಲಿ ಒಂದು ಬಿರುಕನ್ನು ಪತ್ತೆ ಮಾಡಿದರು. ಆಕ್ಸೈಡ್ ನೆಲಕ್ಕೆ ತೇಪೆ ಹಾಕಿದರೆ ಬಣ್ಣ ಕೂಡುವುದಿಲ್ಲ, ತೆಗೆದರೆ ಪೂರ್ತಿ ತೆಗೆಯಬೇಕು ಎಂದು ಒಬ್ಬರು, ಆ ಕೆಲಸ ಬಲ್ಲವರು ಈಗೆಲ್ಲಿದ್ದಾರೆ, ಟೈಲ್ಸ್ ಹಾಕಿಸಿ ಎಂದು ಇನ್ನೊಬ್ಬರು ಬರೆದರು. ಟೈಲ್ಸ್ ಜಾರುತ್ತದೆ ಎಂದು ಚಿಕ್ಕಮ್ಮ ಬಲವಾಗಿ ವಿರೋಧಿಸಿದರು. ಖರ್ಚಿನಲ್ಲಿ ಪಾಲಿನ ಮಾತೂ ಬಂತು. ಮಧ್ಯಾಹ್ನದ ನಿದ್ದೆ ಮುಗಿಸಿ ಗುಂಪು ತೆರೆದ ದೊಡ್ಡಪ್ಪ ಎಲ್ಲವನ್ನೂ ಮೇಲಿಂದ ಕೆಳಗಿನವರೆಗೆ ಓದಿ, ತಮ್ಮ ಫೋನಿನಲ್ಲಿ ನೆಲದ ಚಿತ್ರವೇ ಇಲ್ಲದ್ದರಿಂದ ಬೆರಗಾಗಿ, ಒಂದೊಂದೇ ಅಕ್ಷರ ಹುಡುಕಿ ಬರೆದರು: “ನಮ್ಮ ಮನೆ ನೆಲ ಬಿರುಕು ಬಿಟ್ಟದ್ದು ನಿಮಗೆಲ್ಲ ಯಾರು ಹೇಳಿದರು?”