‘ಉಸಿರಾಟದ ತೊಂದರೆ’ ಅಂತಷ್ಟೇ ಬರೆದ ಸಿಟಿ ಚೀಟಿ

ರೋಗಿಯನ್ನು ಸ್ಕ್ಯಾನ್‌ಗೆ ಕಳಿಸುವಾಗ ವೈದ್ಯರು ಬರೆದುಕೊಟ್ಟ ಆ ಚೀಟಿಯಲ್ಲಿ ಇದ್ದದ್ದು ಇಷ್ಟೇ: 34 ವರ್ಷ, ಹೆಣ್ಣು. ಸಿಟಿ ಥೊರಾಕ್ಸ್ ವಿತ್ ಕಾಂಟ್ರಾಸ್ಟ್. ಉಸಿರಾಟದ ತೊಂದರೆ.

ನಾನು ಆಗ ರೇಡಿಯಾಲಜಿಸ್ಟ್ ಆಗಿ ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ಹೀಗೆ ಬರೆದರೆ ಟೆಕ್ನಿಷಿಯನ್ ಎದೆಯ ಮಾಮೂಲಿ ಕಾಂಟ್ರಾಸ್ಟ್ ಸಿಟಿ ಮಾಡುತ್ತಿದ್ದರು. ಮೊಣಕೈ ರಕ್ತನಾಳಕ್ಕೆ ಡೈ ಕೊಟ್ಟು, ಸುಮಾರು ಒಂದು ನಿಮಿಷ ಬಿಟ್ಟು ಸ್ಕ್ಯಾನ್. ಗಡ್ಡೆ, ಸೋಂಕು, ಲಿಂಫ್ ನೋಡ್ ನೋಡುವುದಕ್ಕೆ ಅದೇ ಸರಿಯಾದ ಹೊತ್ತು. ಅವತ್ತೂ ಹಾಗೇ ಆಯಿತು. ಶ್ವಾಸಕೋಶದ ಬುಡದಲ್ಲಿ ಸಣ್ಣಗೆ ಮುದುಡಿಕೊಂಡ ಭಾಗ ಬಿಟ್ಟರೆ ನನಗೆ ಬೇರೇನೂ ಕಾಣಲಿಲ್ಲ, ಹಾಗೇ ರಿಪೋರ್ಟ್ ಬರೆದೆ.

ಸಂಜೆ ಫಿಸಿಷಿಯನ್ ಫೋನ್ ಮಾಡಿದರು. “ಮೇಡಂ, ಪಲ್ಮನರಿ ಎಂಬೋಲಿಸಂ ಇಲ್ಲ ಅಂತ ತಗೋಬಹುದಾ? ಸಿಸೇರಿಯನ್ ಆಗಿ ಹದಿನೆಂಟು ದಿನ. ನಿನ್ನೆಯಿಂದ ಇದ್ದಕ್ಕಿದ್ದಂತೆ ದಮ್ಮು, ಎಡಗಾಲಿನ ಮೀನಖಂಡ ಊದಿದೆ.” ನನಗೆ ಎದೆ ಝಲ್ಲೆಂದಿತು. ಪಲ್ಮನರಿ ಎಂಬೋಲಿಸಂ ಅಂದರೆ ರಕ್ತದ ಹೆಪ್ಪು ಹರಿದು ಬಂದು ಶ್ವಾಸಕೋಶದ ಅಪಧಮನಿಯಲ್ಲಿ ಸಿಕ್ಕಿಕೊಳ್ಳುವುದು. ಈ ಸ್ಕ್ಯಾನ್ ಇಟ್ಟುಕೊಂಡು ಅದು ಇಲ್ಲ ಅಂತ ಹೇಳಲು ಬರುವುದಿಲ್ಲ ಎಂದೆ. ಪುಣ್ಯಕ್ಕೆ ಅವರು ಅನುಮಾನದ ಮೇಲೆಯೇ ಆ ರಾತ್ರಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಶುರು ಮಾಡಿದರು. ಮರುದಿನ ಮತ್ತೆ ಡೈ ಕೊಟ್ಟು, ಈ ಬಾರಿ ಶ್ವಾಸಕೋಶದ ಅಪಧಮನಿಗಳನ್ನೇ ನೋಡುವ ಸಿಟಿ ಪಲ್ಮನರಿ ಆಂಜಿಯೋಗ್ರಾಂ ಮಾಡಿದೆವು. ಬಲ ಕೆಳಭಾಗಕ್ಕೆ ಹೋಗುವ ಕವಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಹಸಿ ಬಾಣಂತಿಗೆ ಎರಡು ಸಲ ಡೈ, ಎರಡು ಸಲ ವಿಕಿರಣ, ಮನೆಯವರಿಗೆ ಎರಡು ಬಿಲ್ಲು. ಫೋನಿನಲ್ಲಿ ಹೇಳಿದ ಆ ಎರಡು ವಾಕ್ಯ ಚೀಟಿಯಲ್ಲಿ ಇದ್ದಿದ್ದರೆ ಇದ್ಯಾವುದೂ ಬೇಕಿರಲಿಲ್ಲ.

ಮೊದಲ ಸ್ಕ್ಯಾನ್‌ನಲ್ಲಿ ಅದು ಯಾಕೆ ಕಾಣಲಿಲ್ಲ ಅನ್ನುವುದನ್ನು ಚೀಟಿ ಬರೆಯುವ ಪ್ರತಿಯೊಬ್ಬ ಇಂಟರ್ನ್ ತಿಳಿದಿರಬೇಕು ಅಂತ ನನ್ನಾಸೆ. ಡೈ ಅನ್ನುವುದು ನಾಲೆಗೆ ಬಿಟ್ಟ ನೀರಿದ್ದಂತೆ, ಎಲ್ಲ ಗದ್ದೆಗೂ ಒಂದೇ ಸಲ ಮುಟ್ಟುವುದಿಲ್ಲ. ಕೈಯಿಂದ ಹೃದಯದ ಬಲಭಾಗಕ್ಕೆ, ಅಲ್ಲಿಂದ ಶ್ವಾಸಕೋಶದ ಅಪಧಮನಿಗೆ, ಆಮೇಲೆ ಹೃದಯದ ಎಡಭಾಗಕ್ಕೆ ಬಂದು ಕೊನೆಗೆ ಮಹಾಪಧಮನಿಗೆ ಹೋಗುತ್ತದೆ. ಶ್ವಾಸಕೋಶದ ಅಪಧಮನಿ ಬೆಳ್ಳಗೆ ಹೊಳೆಯುವುದು ಕೆಲವೇ ಸೆಕೆಂಡು. ಆ ಬಿಳುಪಿನ ನಡುವೆ ಕಪ್ಪಗೆ ಕಾಣುವುದೇ ಹೆಪ್ಪು. ಒಂದು ನಿಮಿಷದ ಹೊತ್ತಿಗೆ ಬಿಳುಪು ಮಾಸಿರುತ್ತದೆ. ದೊಡ್ಡ ಹೆಪ್ಪಾದರೆ ಆಗಲೂ ಕಂಡೀತು, ಕವಲಿನೊಳಗಿನದು ಕಣ್ತಪ್ಪಿಸುತ್ತದೆ. ಅದಕ್ಕೇ ಎಂಬೋಲಿಸಂ ಹುಡುಕುವಾಗ ಸ್ವಲ್ಪ ದಪ್ಪ ಕ್ಯಾನುಲಾ ಹಾಕಿ, ಸೆಕೆಂಡಿಗೆ 4–5 ಎಂಎಲ್‌ನಂತೆ ಡೈ ತಳ್ಳಿ, ಶ್ವಾಸಕೋಶದ ಅಪಧಮನಿಗೆ ಅದು ಬಂದದ್ದನ್ನು ಪರದೆಯಲ್ಲಿ ನೋಡಿಕೊಂಡೇ ಸ್ಕ್ಯಾನ್ ಶುರು ಮಾಡುತ್ತೇವೆ. ‘ವಿತ್ ಕಾಂಟ್ರಾಸ್ಟ್’ ಅಂದರೆ ಒಂದೇ ಪರೀಕ್ಷೆಯಲ್ಲ. ಏನು ಹುಡುಕಬೇಕು ಅನ್ನುವುದು ರೋಗಿ ಮೇಜಿನ ಮೇಲೆ ಮಲಗುವ ಮೊದಲೇ ನಮಗೆ ಗೊತ್ತಾಗಬೇಕು.

ಇದಾಗಿ ಸುಮಾರು ದಿನದ ಮೇಲೆ ಇನ್ನೊಂದು ಚೀಟಿ ಬಂತು. 58 ವರ್ಷ, ಗಂಡು, ಸಿಟಿ ಥೊರಾಕ್ಸ್ ವಿತ್ ಕಾಂಟ್ರಾಸ್ಟ್, ಕೆಮ್ಮು. ಅಷ್ಟೊತ್ತಿಗೆ ನಾನು ಎದ್ದು ಹೋಗಿ ರೋಗಿಯನ್ನೇ ಕೇಳುವುದನ್ನು ರೂಢಿ ಮಾಡಿಕೊಂಡಿದ್ದೆ. “ಯಜಮಾನ್ರೇ, ಮೊದ್ಲು ಯಾವಾಗಾದ್ರೂ ಟಿಬಿ ಆಗಿತ್ತಾ?” “ಹೂ ಕಣವ್ವ, ಹನ್ನೆರಡು ವರ್ಸ ಆಯ್ತು. ಆರು ತಿಂಗ್ಳು ಮಾತ್ರೆ ನುಂಗಿದ್ದೆ. ಈಗ ಕೆಮ್ಮುದ್ರೆ ರಕ್ತ ಬತ್ತದೆ, ನೆನ್ನೆ ಅರ್ಧ ಲೋಟ ಬಂತು.” ಹೆಗಲ ಮೇಲಿನ ಟವಲ್ ತೆಗೆದು ಕಲೆ ತೋರಿಸಿದರು.

ಅಲ್ಲಿಗೆ ಪರೀಕ್ಷೆಯೇ ಬದಲಾಯಿತು. ಹಳೇ ಟಿಬಿ ಇದ್ದವರಲ್ಲಿ ಹೀಗೆ ಬರುವ ರಕ್ತ ಬಹುತೇಕ ಶ್ವಾಸನಾಳಗಳಿಗೆ ರಕ್ತ ಒಯ್ಯುವ ಬ್ರಾಂಕಿಯಲ್ ಅಪಧಮನಿಗಳದ್ದು. ಅವು ಸಾಮಾನ್ಯವಾಗಿ ಮಹಾಪಧಮನಿಯಿಂದ ಕವಲೊಡೆಯುತ್ತವೆ. ಹಾಗಾಗಿ ಇಲ್ಲಿ ಕಾಯಬೇಕಾದದ್ದು ಡೈ ಮಹಾಪಧಮನಿಗೆ ಬರುವುದನ್ನು. ಬೇರೆ ಕಡೆಯಿಂದಲೂ ರಕ್ತನಾಳ ಬಂದು ಸೇರಿರಬಹುದಾದ್ದರಿಂದ ಕುತ್ತಿಗೆಯ ಬುಡದಿಂದ ಹೊಟ್ಟೆಯ ಮೇಲ್ಭಾಗದವರೆಗೂ ಸ್ಕ್ಯಾನ್ ತೆಗೆದೆವು. ಬಲ ಮೇಲ್ಭಾಗದಲ್ಲಿ ಟಿಬಿ ಬಿಟ್ಟುಹೋದ ಪೊಟರೆ, ಅದರೊಳಗೊಂದು ಉಂಡೆ, ಉಂಡೆಯ ಮೇಲೆ ಚಂದ್ರನ ಗೀರಿನಂತೆ ಗಾಳಿ. ಬೋರಲು ಮಲಗಿಸಿ ಆ ಭಾಗಕ್ಕಷ್ಟೇ ಇನ್ನೊಮ್ಮೆ ತೆಗೆದಾಗ ಉಂಡೆ ಉರುಳಿ ಎದೆಯ ಮುಂಭಾಗದ ಕಡೆಗೆ ಬಂದಿತ್ತು. ಅದು ಆಸ್ಪರ್ಜಿಲೋಮಾ, ಹಳೇ ಪೊಟರೆಯಲ್ಲಿ ಬೆಳೆದ ಬೂಸ್ಟಿನ ಉಂಡೆ. ಗೋಡೆಗೆ ಅಂಟಿಕೊಂಡಿದ್ದರೆ ಅದು ಅಲುಗುವುದಿಲ್ಲ, ಆಗ ಕ್ಯಾನ್ಸರ್ ಅಲ್ಲ ಅಂತ ಇಷ್ಟು ಧೈರ್ಯವಾಗಿ ಹೇಳಲಾಗುತ್ತಿರಲಿಲ್ಲ. ದಪ್ಪಗಾಗಿದ್ದ ಬ್ರಾಂಕಿಯಲ್ ಅಪಧಮನಿ ಎಲ್ಲಿಂದ ಹುಟ್ಟಿದೆ ಅನ್ನುವುದನ್ನೂ ರಿಪೋರ್ಟಿನಲ್ಲಿ ಬರೆದೆ, ರಕ್ತ ಸೋರುವ ನಾಳವನ್ನು ಒಳಗಿನಿಂದ ಮುಚ್ಚುವ ಎಂಬೊಲೈಸೇಶನ್ ಮಾಡುವವರಿಗೆ ಬೇಕಾದದ್ದೇ ಅದು. ‘ಕೆಮ್ಮು’ ಅನ್ನುವ ಒಂದೇ ಪದ ನಂಬಿಕೊಂಡು ಮಾಮೂಲಿ ಸ್ಕ್ಯಾನ್ ಮಾಡಿದ್ದರೂ ಉಂಡೆ ಕಾಣುತ್ತಿತ್ತು. ಬೋರಲು ಮಲಗಿಸುವ ಯೋಚನೆ ಬರುತ್ತಿರಲಿಲ್ಲ, ರಕ್ತನಾಳದ ದಾರಿಯೂ ಸಿಗುತ್ತಿರಲಿಲ್ಲ.

ಹಾಗಂತ ಇಡೀ ಕೇಸ್ ಶೀಟ್ ಬರೆದು ಕಳಿಸಿ ಅಂತ ನಾನು ಕೇಳುತ್ತಿಲ್ಲ. ನೂರು ಜನ ಕಾಯುತ್ತಿರುವ ಓಪಿಡಿ ಹೇಗಿರುತ್ತದೆ ಅಂತ ನನಗೂ ಗೊತ್ತು. ಚೀಟಿಯಲ್ಲಿ ಬೇಕಾದದ್ದು ಇಷ್ಟೇ. ಏನು ತೊಂದರೆ, ಎಷ್ಟು ದಿನದಿಂದ. ಈಗಿನ ತೊಂದರೆಯ ಅರ್ಥವನ್ನೇ ಬದಲಿಸುವಂಥ ಹಿಂದಿನ ಸಂಗತಿ. ರೋಗಿಯನ್ನು ಪರೀಕ್ಷಿಸಿದಾಗ ಕೈಗೆ, ಕಿವಿಗೆ ಸಿಕ್ಕದ್ದು ಮತ್ತು ಯಾವ ಕಡೆ. ಕೊನೆಗೆ ನಿಮ್ಮ ಪ್ರಶ್ನೆ. ಆ ಬಾಣಂತಿಗೆ ಹೀಗೆ ಬರೆದಿದ್ದರೆ ಸಾಕಿತ್ತು: “ಸಿಸೇರಿಯನ್ ಆಗಿ 18 ದಿನ. 1 ದಿನದಿಂದ ದಿಢೀರ್ ದಮ್ಮು. ಎಡ ಮೀನಖಂಡ ಊತ. ಪಲ್ಮನರಿ ಎಂಬೋಲಿಸಂ ಇದೆಯೇ? ಕ್ರಿಯಾಟಿನಿನ್ 0.7.” ಕ್ರಿಯಾಟಿನಿನ್ ಯಾಕೆಂದರೆ, ಕಿಡ್ನಿ ಹೇಗಿದೆ ಅಂತ ತಿಳಿಯಲು ಡೈ ಕೊಡುವ ಮೊದಲು ಹೇಗೂ ನಾವು ಅದನ್ನು ಕೇಳಿಯೇ ಕೇಳುತ್ತೇವೆ.

‘ರೂಲ್ ಔಟ್ ನ್ಯುಮೋನಿಯಾ’ ಅಂತಷ್ಟೇ ಬರೆಯುವುದು ಪ್ರಶ್ನೆಯಂತೆ ಕಾಣುತ್ತದೆ, ಆದರೆ ಅದರಲ್ಲಿ ರೋಗಿಯೇ ಇಲ್ಲ. ಎಕ್ಸ್‌ರೇಯಲ್ಲಿ ಕಾಣುವ ಒಂದು ಬಿಳಿ ಮಬ್ಬು ಮೂರು ದಿನದ ಜ್ವರದವರಲ್ಲಿ ಒಂದು ಮಾತು ಹೇಳುತ್ತದೆ, ಎರಡು ತಿಂಗಳಿಂದ ತೂಕ ಇಳಿಯುತ್ತಿರುವ ಬೀಡಿ ಸೇದುವವರಲ್ಲಿ ಬೇರೆಯೇ ಹೇಳುತ್ತದೆ. ಆ ವಿವರವಿಲ್ಲದಾಗ ನಾವು ‘ಕ್ಲಿನಿಕಲ್ ಕೋರಿಲೇಶನ್ ಅಗತ್ಯ’, ಅಂದರೆ ರೋಗಿಯ ಲಕ್ಷಣಗಳ ಜೊತೆ ನೀವೇ ಹೊಂದಿಸಿ ನೋಡಿ, ಅಂತ ಬರೆದು ಕೈತೊಳೆದುಕೊಳ್ಳುತ್ತೇವೆ. ಆ ಸಾಲಿಗೆ ನಾವು ರೇಡಿಯಾಲಜಿಸ್ಟರೂ ನಾಚಬೇಕು. ಬರೆಯುವ ಬದಲು ಒಂದು ಫೋನ್ ಮಾಡಬಹುದು.

ವಿವರವೇ ಇಲ್ಲದ ಚೀಟಿಗಿಂತ ನನಗೆ ಹೆಚ್ಚು ಭಯ ತಪ್ಪು ವಿವರದ ಚೀಟಿಯದು. ಟಿಬಿ ಇರಬಹುದು ಅಂತ ಒಬ್ಬರಿಗೆ ಅನಿಸಿರುತ್ತದೆ, ಕಫದ ಪರೀಕ್ಷೆ ಇನ್ನೂ ಕಳಿಸಿರುವುದಿಲ್ಲ, ಚೀಟಿಗೆ ಬರುವಷ್ಟರಲ್ಲಿ ಅದು ‘ನೋನ್ ಕೇಸ್ ಆಫ್ ಟಿಬಿ’ ಆಗಿರುತ್ತದೆ. ಅದನ್ನು ಓದಿದ ಕಣ್ಣು ಮೇಲ್ಭಾಗದ ಪ್ರತಿ ಗೀರಿನಲ್ಲೂ ಟಿಬಿಯನ್ನೇ ಕಾಣುತ್ತದೆ. ನಮ್ಮ ರಿಪೋರ್ಟ್ ಓದಿದವರು ತಮ್ಮ ಅನುಮಾನವೇ ಖಾತ್ರಿಯಾಯಿತು ಅಂದುಕೊಳ್ಳುತ್ತಾರೆ. ಎಲ್ಲೂ ಯಾರೂ ಟಿಬಿಯನ್ನು ಸಾಬೀತು ಮಾಡಿಯೇ ಇರುವುದಿಲ್ಲ. ಇದಕ್ಕಾಗಿ ನಾನು ಫಿಲ್ಮನ್ನು ಮೊದಲು ಚೀಟಿ ಓದದೆ ನೋಡುತ್ತೇನೆ, ಚೀಟಿ ಓದಿ ಇನ್ನೊಮ್ಮೆ ನೋಡುತ್ತೇನೆ. ನೀವೂ ಅನುಮಾನವಾದರೆ ಅನುಮಾನ ಅಂತಲೇ ಬರೆಯಿರಿ. ಚಿಕಿತ್ಸೆ ಮುಗಿದಿದ್ದರೆ ಯಾವ ವರ್ಷ ಅಂತ ಬರೆಯಿರಿ.

ಇನ್ನೊಂದು, ಹಳೇ ಎಕ್ಸ್‌ರೇ. ‘ಹಳೇ ಫಿಲ್ಮ್ ಇದೆ, ರೋಗಿ ತಂದಿದ್ದಾರೆ’ ಅಂತ ಚೀಟಿಯ ಮೂಲೆಯಲ್ಲಿ ಬರೆದುಬಿಡಿ. ಬಟ್ಟೆ ಅಂಗಡಿಯ ಕವರಿನಲ್ಲಿ ಮಡಿಚಿಟ್ಟುಕೊಂಡು ಬಂದಿರುತ್ತಾರೆ, ಯಾರೂ ಕೇಳದಿದ್ದರೆ ತೋರಿಸದೆ ಹಾಗೇ ವಾಪಸ್ ಒಯ್ಯುತ್ತಾರೆ.