ನೂರನೆಯ ಚೀಲ ಇನ್ನೂ ತಕ್ಕಡಿಯ ಮೇಲಿದೆ

ಕಳೆದ ವಾರ ಮಗಳು ಶಾಲೆಯಿಂದ ಕಿರುಪರೀಕ್ಷೆಯ ಹಾಳೆ ತಂದಳು. ಇಪ್ಪತ್ತನೆಯ ಶತಮಾನದ ಕೊನೆಯ ವರ್ಷ ಯಾವುದು ಎಂಬುದಕ್ಕೆ ಅವಳು 2000 ಎಂದು ಬರೆದಿದ್ದಳು. ಕೆಂಪು ಮಸಿಯಲ್ಲಿ ಅದನ್ನು ಹೊಡೆದು 1999 ಎಂದು ತಿದ್ದಿದ್ದರು. ಹೋದದ್ದು ಒಂದೇ ಅಂಕ. ಆದರೆ ಸರಿಯುತ್ತರವನ್ನು ತಪ್ಪು ಮಾಡಿದ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಈ ತಪ್ಪನ್ನು ನಾನೂ ಮಾಡಿದವನೇ. 1999ರ ಡಿಸೆಂಬರ್ 31ರ ರಾತ್ರಿ ನಮ್ಮ ಕಲಬುರಗಿಯ ಜಗತ್ ವೃತ್ತದಲ್ಲಿ ಗೆಳೆಯರ ಜೊತೆ 'ಹೊಸ ಶತಮಾನ ಬಂತು' ಎಂದು ಗಂಟಲು ಹರಿಯುವಂತೆ ಕೂಗಿ ಮನೆಗೆ ಬಂದಿದ್ದೆ. ಅಪ್ಪ ಗಂಜಿನ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. "ನೂರನೆಯ ಚೀಲ ಇನ್ನೂ ತಕ್ಕಡಿಯ ಮೇಲಿದೆ, ನೀನು ಆಗಲೇ ಲಾರಿ ಬಿಟ್ಟೆಯಲ್ಲೋ" ಎಂದರು.

ಅವರ ಅಂಗಡಿಯಲ್ಲಿ ತೊಗರಿ ತೂಗುವಾಗ ಮೊದಲ ಚೀಲಕ್ಕೆ 'ಒಂದು' ಎನ್ನುತ್ತಿರಲಿಲ್ಲ, 'ಲಾಭ' ಎನ್ನುತ್ತಿದ್ದರು. ಮುಂದಿನದು ಎರಡು, ಮೂರು. ಹೆಸರು ಏನೇ ಇರಲಿ, ಅದು ಒಂದನೆಯ ಚೀಲವೇ. 'ನೂರು' ಎಂದು ಕೂಗಿದಾಗ ನೂರನೆಯ ಚೀಲ ಆಗಷ್ಟೇ ತಕ್ಕಡಿ ಏರಿರುತ್ತದೆ. ಅದು ಇಳಿದ ಮೇಲೆಯೇ ನೂರು ತುಂಬಿತು. ಶತಮಾನದ ಲೆಕ್ಕವೂ ಹೀಗೆಯೇ. ಕ್ರಿ.ಶ. 1ರಿಂದ 100ರ ಕೊನೆಯವರೆಗೆ ಮೊದಲ ನೂರು, 101ರಿಂದ ಎರಡನೆಯ ನೂರು. ಹೀಗೇ ಜೋಡಿಸುತ್ತ ಬಂದರೆ ಇಪ್ಪತ್ತನೆಯದು 1901ರ ಜನವರಿ 1ಕ್ಕೆ ಆರಂಭವಾಗಿ 2000ದ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. 1999ಕ್ಕೇ ಮುಗಿಸಬೇಕೆಂದರೆ ಯಾವುದಾದರೂ ಒಂದು ಶತಮಾನಕ್ಕೆ ತೊಂಬತ್ತೊಂಬತ್ತೇ ವರ್ಷ ಕೊಡಬೇಕು. ಯಾವುದಕ್ಕೆ ಎಂದು ಆ ಕೆಂಪು ಮಸಿಯವರನ್ನು ಕೇಳಬೇಕೆನಿಸುತ್ತದೆ.

ಸೊನ್ನೆಯ ವರ್ಷ ಏಕಿಲ್ಲ ಎಂದು ಕೇಳಿದರೆ ನಮ್ಮವರಲ್ಲಿ ಸಿದ್ಧ ಉತ್ತರವಿದೆ: 'ಪಾಪ, ಅವರಿಗೆ ಸೊನ್ನೆ ಗೊತ್ತಿರಲಿಲ್ಲ, ಕೊಟ್ಟವರು ನಾವು.' ಕೇಳಲು ಹಿತವಾಗಿದೆ, ಆದರೆ ಅರ್ಧ ಸತ್ಯ. ಕ್ರಿಸ್ತನಿಂದ ವರ್ಷ ಎಣಿಸುವ ಪದ್ಧತಿಯನ್ನು ತಂದವನು ರೋಮಿನಲ್ಲಿದ್ದ ಡಯೊನೀಸಿಯಸ್ ಎಕ್ಸಿಗುಯಸ್ ಎಂಬ ಸನ್ಯಾಸಿ. 525ರಲ್ಲಿ ಈಸ್ಟರ್ ಹಬ್ಬದ ದಿನಗಳ ಪಟ್ಟಿ ಮಾಡುವಾಗ, ಕ್ರೈಸ್ತರನ್ನು ಹಿಂಸಿಸಿದ ದೊರೆ ಡಯೊಕ್ಲೀಷಿಯನ್ನನ ಹೆಸರಿನ ವರ್ಷಗಳನ್ನು ಬಿಟ್ಟು ಈ ಎಣಿಕೆಯನ್ನು ಹಾಕಿದ. ಅದೇ ಪಟ್ಟಿಯಲ್ಲಿ ಚಂದ್ರನ ಲೆಕ್ಕದ ಕಾಲಮಿನಲ್ಲಿ ಏನೂ ಉಳಿಯದ ಕಡೆ 'ನುಲ್ಲಾ', ಅಂದರೆ 'ಏನೂ ಇಲ್ಲ' ಎಂದು ಬರೆದಿದ್ದಾನೆ. ಸೊನ್ನೆಯ ಅಂಕಿ ಇಲ್ಲದಿದ್ದರೂ 'ಇಲ್ಲ' ಎಂಬುದು ಅವನಿಗೆ ತಿಳಿದಿತ್ತು. ವರ್ಷಕ್ಕೆ ಅದು ಬೇಕಾಗಲಿಲ್ಲ, ಏಕೆಂದರೆ ಅವನು ಎಣಿಸಿದ್ದು ನಡೆಯುತ್ತಿರುವ ವರ್ಷವನ್ನು.

ಸೊನ್ನೆ ಚೆನ್ನಾಗಿ ಗೊತ್ತಿದ್ದ ನಮ್ಮವರನ್ನೇ ನೋಡಿ. ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣದಲ್ಲಿ ಆಳಿದ ಆರನೆಯ ವಿಕ್ರಮಾದಿತ್ಯ 1076ರಲ್ಲಿ ತನ್ನದೇ ಶಕೆ ಆರಂಭಿಸಿದ. ನಮ್ಮ ಸುತ್ತಿನ ಶಾಸನಗಳಲ್ಲಿ ಕಾಣುವ ಚಾಳುಕ್ಯ ವಿಕ್ರಮ ವರ್ಷ ಅದೇ. ಬ್ರಹ್ಮಗುಪ್ತ 628ರಲ್ಲೇ ಸೊನ್ನೆಯ ನಿಯಮಗಳನ್ನು ಬರೆದಿಟ್ಟಿದ್ದ. ಆದರೂ 1076–77 ವಿಕ್ರಮ ವರ್ಷದ ಒಂದನೆಯದೇ, ಸೊನ್ನೆಯಲ್ಲ. ಆದ್ದರಿಂದ ಶಾಸನದಲ್ಲಿ ಐವತ್ತನೆಯ ವರ್ಷ ಎಂದಿದ್ದರೆ 1076 ಕೂಡಿಸಬಾರದು, 1075 ಕೂಡಿಸಬೇಕು. ಆಗ 1125–26 ಬರುತ್ತದೆ. 1076 ಕೂಡಿಸಿದವರು ಒಂದು ವರ್ಷ ಮುಂದೆ ಹೋಗಿ ಬೀಳುತ್ತಾರೆ.

ಮನೆಯ ಮಾತಿನಲ್ಲಿ ನಾವು ಈ ವ್ಯತ್ಯಾಸವನ್ನು ತಪ್ಪದೆ ಹೇಳುತ್ತೇವೆ: 'ಹುಡುಗಿಗೆ ಹನ್ನೊಂದು ತುಂಬಿ ಹನ್ನೆರಡು ನಡೆಯುತ್ತಿದೆ.' ವಯಸ್ಸು ತುಂಬಿದ್ದರ ಲೆಕ್ಕ, ಅಲ್ಲಿ ಸೊನ್ನೆ ಇದೆ. ಆರು ತಿಂಗಳ ಕೂಸಿಗೆ ವರ್ಷ ಇನ್ನೂ ಸೊನ್ನೆಯೇ. ಇಸವಿ ನಡೆಯುತ್ತಿರುವುದರ ಲೆಕ್ಕ. 2000ದ ಜನವರಿ 1ಕ್ಕೆ 1999 ತುಂಬಿತ್ತು, 2000 ನಡೆಯಲು ಆರಂಭಿಸಿತ್ತು. ಪಂಚಾಂಗದವರು 'ಗತ' ಮತ್ತು 'ವರ್ತಮಾನ' ಎಂದು ಬೇರ್ಪಡಿಸುವುದೂ ಇದನ್ನೇ.

ಕ್ರಿಸ್ತಪೂರ್ವ ದಾಟುವಾಗ ಓದಿದವರೂ ಎಡವುತ್ತಾರೆ. ಕ್ರಿ.ಪೂ. 1 ಮುಗಿದ ಮರುದಿನವೇ ಕ್ರಿ.ಶ. 1. ರೋಮಿನ ಕವಿ ವರ್ಜಿಲ್ ಹುಟ್ಟಿದ್ದು ಕ್ರಿ.ಪೂ. 70ರಲ್ಲಿ. ಎಪ್ಪತ್ತಕ್ಕೆ 1930 ಕೂಡಿದರೆ ಎರಡು ಸಾವಿರ ಎಂದು 1930ರಲ್ಲೇ ಉತ್ಸವ ಮಾಡಿದರು. ನಡುವೆ ಸೊನ್ನೆಯ ವರ್ಷವಿಲ್ಲ, ಹಾಗಾಗಿ ಎರಡು ಸಾವಿರ ತುಂಬಿದ್ದು 1931ಕ್ಕೆ. ಈ ಕಾಟ ತಾಳದೆ ಖಗೋಳಜ್ಞರು ತಮ್ಮ ಲೆಕ್ಕಕ್ಕೆ ಬೇರೆ ದಾರಿ ಹಿಡಿದಿದ್ದಾರೆ: ಕ್ರಿ.ಪೂ. 1ನ್ನು 0 ಎಂದೂ ಕ್ರಿ.ಪೂ. 2ನ್ನು −1 ಎಂದೂ ಬರೆಯುತ್ತಾರೆ. ಅದು ಅವರ ಗಣಿತದ ಅನುಕೂಲ, ಇತಿಹಾಸದ ಪುಸ್ತಕದಲ್ಲಿ ಆ ವರ್ಷವಿಲ್ಲ.

ಹತ್ತೊಂಬತ್ತು ಹೋಗಿ ಇಪ್ಪತ್ತು ಬಂದಾಗ ಕುಣಿಯಬಾರದೆಂದು ನಾನು ಹೇಳುತ್ತಿಲ್ಲ. ಸ್ಕೂಟರಿನ ಮೀಟರಿನಲ್ಲಿ ನಾಲ್ಕು ಅಂಕಿ ಒಮ್ಮೆಗೇ ಉರುಳಿದರೆ ನಾನೂ ಬಗ್ಗಿ ನೋಡುತ್ತೇನೆ. ಜರ್ಮನಿಯ ಕೈಸರ್ ವಿಲ್‌ಹೆಲ್ಮನಂತೂ ತನ್ನ ದೇಶಕ್ಕೆ ಹೊಸ ಶತಮಾನ 1900ಕ್ಕೇ ಬಂದಿತೆಂದು ಆಜ್ಞೆ ಮಾಡಿದ್ದ. ಅವನು ದೊರೆ, ಅವನ ಅಂಕ ಕಳೆಯುವವರಿರಲಿಲ್ಲ.

ಮಗಳ ಹಾಳೆ ಹಿಡಿದು ಶಾಲೆಗೆ ಹೋಗಿದ್ದೆ. ಮೇಷ್ಟ್ರು ತಾಳ್ಮೆಯಿಂದ ಎಲ್ಲವನ್ನೂ ಕೇಳಿಸಿಕೊಂಡರು, ಬೆರಳು ಮಡಚಿ ಎಣಿಸಿಯೂ ನೋಡಿದರು. "ನೀವು ಹೇಳುವುದು ಸರಿ ಇದೆ ಸರ್, ಆದರೆ ಉತ್ತರಪಟ್ಟಿಯಲ್ಲಿ 1999 ಎಂದಿದೆ" ಎಂದರು.