ಕ್ಯಾರೇ ಅನ್ನದವರ ಕ್ಯಾರಿ ಟ್ರೇಡ್

ಬ್ಯಾಂಕ್ ಆಫ್ ಜಪಾನ್‌ನ ಬಡ್ಡಿ ನಿರ್ಧರಿಸುವ ಸಭೆ ಹತ್ತಿರ ಬಂತೆಂದರೆ ಟೀವಿಯ ತಜ್ಞರಿಗೆ ಕ್ಯಾರಿ ಟ್ರೇಡ್, ಅಂದರೆ ಅಗ್ಗದ ಯೆನ್ ಸಾಲ ಎತ್ತಿ ಬೇರೆಡೆ ಹೂಡುವ ಆಟ, ನೆನಪಾಗುತ್ತದೆ. ಪರದೆಯ ಕೆಳಗೆ ‘ಯೆನ್ ಬಾಂಬ್’ ಎಂಬ ಕೆಂಪು ಪಟ್ಟಿ ಓಡತೊಡಗುತ್ತದೆ. 2024ರ ಆಗಸ್ಟ್ 5ರ ಸೋಮವಾರದ ಆ ಹಳೆಯ ಗ್ರಾಫ್ ಮತ್ತೆ ಹೊರಬರುತ್ತದೆ: ಜಪಾನಿನ ಷೇರು ಸೂಚ್ಯಂಕ ನಿಕ್ಕೇ ಒಂದೇ ದಿನ 4,451 ಅಂಶ, ಅಂದರೆ ಶೇ 12.4 ಕುಸಿದು, ಮರುದಿನವೇ 3,217 ಅಂಶ ಎದ್ದು ನಿಂತ ಗ್ರಾಫ್. ಸಭೆ ಮುಗಿದು ಏನೂ ಆಗದಿದ್ದರೆ ಬಾಂಬನ್ನು ಮಡಚಿ ಬೀರುವಿಗೆ ಸೇರಿಸುತ್ತಾರೆ. ಮುಂದಿನ ಸಭೆಯವರೆಗೆ ಕ್ಯಾರಿಯ ಬಗ್ಗೆ ಯಾರೂ ಕ್ಯಾರೇ ಅನ್ನುವುದಿಲ್ಲ.

ಆ ಕುಸಿತದ ಅಪರಾಧಿ ಯಾರೆಂದು ಎಲ್ಲರಿಗೂ ಬಾಯಿಪಾಠ. ಕಾಲು ಪರ್ಸೆಂಟ್! ಜುಲೈ 31ರಂದು ಜಪಾನಿನ ಬ್ಯಾಂಕು ಬಡ್ಡಿಯನ್ನು ಶೇ 0.25ಕ್ಕೆ ಏರಿಸಿತು. ಅದಕ್ಕೂ ಮೊದಲು ಅದು ಸೊನ್ನೆಯಿಂದ 0.1ರ ನಡುವೆ ಇತ್ತು. ಅಂದರೆ ಏರಿಸಿದ್ದು ಕಾಲು ಪರ್ಸೆಂಟೂ ಅಲ್ಲ, ಕಾಲಿನವರೆಗೆ. ಅದೇ ಹೊತ್ತಿಗೆ ಅಮೆರಿಕದ ಬಡ್ಡಿ ಶೇ 5.25ರಿಂದ 5.50ರಷ್ಟಿತ್ತು. ಇಷ್ಟು ಅಂತರವಿದ್ದರೂ ಯೆನ್ ಸಾಲ ‘ದುಬಾರಿಯಾಯಿತು’ ಎಂದು ಜನ ಕಿಟಕಿಯಿಂದ ಹಾರಿದರಂತೆ. ಬಡ್ಡಿ ಅಲ್ಲ ಸ್ವಾಮಿ, ಓಡಿಸಿದ್ದು ವಿನಿಮಯ ದರ.

ವ್ಯವಹಾರ ನೋಡಲು ಬಹಳ ಸಾಧು. ಬಡ್ಡಿ ಕಡಿಮೆ ಇರುವ ಕರೆನ್ಸಿಯಲ್ಲಿ ಸಾಲ ತೆಗೆದು, ಹೆಚ್ಚು ಇರುವ ಕರೆನ್ಸಿಯಲ್ಲಿ ಇಟ್ಟು, ನಡುವಿನ ಬಡ್ಡಿ ತಿನ್ನುವುದು. ಒಂದು ಲೆಕ್ಕ ಹಾಕೋಣ. ಜುಲೈ ಮೊದಲ ವಾರ ಡಾಲರಿಗೆ 160 ಯೆನ್ ಎಂದಿಟ್ಟುಕೊಳ್ಳಿ. ಶೇ 0.5ರ ಬಡ್ಡಿಗೆ ಒಂದು ಕೋಟಿ ಯೆನ್ ಎತ್ತಿದರೆ ಕೈಗೆ 62,500 ಡಾಲರ್ ಬರುತ್ತದೆ. ಅದನ್ನು ಶೇ 5.3 ಕೊಡುವ ಅಮೆರಿಕದ ಖಜಾನೆ ಬಿಲ್ಲಿನಲ್ಲಿಟ್ಟರೆ ವರ್ಷಕ್ಕೆ ಸುಮಾರು 3,312 ಡಾಲರ್. ಯೆನ್ ಸಾಲದ ಬಡ್ಡಿ 312 ಡಾಲರ್ ಕಳೆದರೆ ಉಳಿದದ್ದು ಮೂರು ಸಾವಿರ, ದಿನಕ್ಕೆ ಎಂಟು ಡಾಲರಿನ ಮೇಲೆ ಚಿಲ್ಲರೆ. ಬ್ರೋಕರನ ಪಾಲನ್ನು ಲೆಕ್ಕದಿಂದ ಬಿಟ್ಟಿದ್ದೇನೆ. ಅವನು ಮಾತ್ರ ಬಿಡುವುದಿಲ್ಲ.

ಇಡೀ ಹಣ ಸಾಲದ್ದೇ ಆದ್ದರಿಂದ ಇಲ್ಲಿ ಸ್ವಂತದ್ದು ಬೇಕಾಗುವುದು ಭದ್ರತೆಗಿಡುವ ಮಾರ್ಜಿನ್ ಮಾತ್ರ. ಹತ್ತನೇ ಒಂದು ಭಾಗ, 6,250 ಡಾಲರ್ ಇಟ್ಟರು ಎನ್ನಿ. ಆ ಹಣದ ಮೇಲೆ ಮೂರು ಸಾವಿರ ಎಂದರೆ ಶೇ 48. ಆಹಾ! ಈ ಪ್ರತಿಭೆಗೆ ಸನ್ಮಾನ ಮಾಡಿ ಶಾಲು ಹೊದಿಸದ ಜಗತ್ತು ಎಂಥ ಕೃತಘ್ನ.

ಒಂದು ಸಣ್ಣ ತೊಡಕಿದೆ. ಸಾಲ ತೀರಿಸಬೇಕಾದದ್ದು ಯೆನ್‌ನಲ್ಲಿ. ವರ್ಷದ ಕೊನೆಗೆ ಡಾಲರಿನ ದರ 160ರಿಂದ 152.70ಕ್ಕೆ ಇಳಿದರೆ ಸಾಕು, ಅಂದರೆ ಯೆನ್ ಅಷ್ಟು ಬಲವಾದರೆ ಸಾಕು, ವರ್ಷವಿಡೀ ಕೂಡಿಟ್ಟ ಬಡ್ಡಿ ಪೂರ್ತಿ ಖಾಲಿ. ‘ಹಾಗಾದರೆ ದರವನ್ನು ಇಂದೇ ಭದ್ರ ಮಾಡಿಕೊಳ್ಳಬಾರದೇ’ ಎಂದು ಯಾರಾದರೂ ಜಾಣರು ಬ್ಯಾಂಕಿಗೆ ಹೋಗಿ ಒಂದು ವರ್ಷದ ಫಾರ್ವರ್ಡ್ ದರ ಕೇಳಿದರೆ ಏನು ಹೇಳುತ್ತಾರೆ ಗೊತ್ತೇ? 152.70ರ ಆಸುಪಾಸು. 160ನ್ನು 1.005ರಿಂದ ಗುಣಿಸಿ 1.053ರಿಂದ ಭಾಗಿಸಿದರೆ ಬರುವುದು ಅದೇ. ಇದು ಕಾಕತಾಳೀಯವಲ್ಲ. ಬಡ್ಡಿಯ ಅಂತರವನ್ನೇ ಫಾರ್ವರ್ಡ್ ದರದೊಳಗೆ ತುಂಬಿರುತ್ತಾರೆ. ಭದ್ರತೆ ಬೇಕೆಂದರೆ ಗಳಿಕೆ ಸೊನ್ನೆ, ಗಳಿಕೆ ಬೇಕೆಂದರೆ ಭದ್ರತೆ ಸೊನ್ನೆ. ಹಾಗಾಗಿ ‘ಬಡ್ಡಿಯ ವ್ಯತ್ಯಾಸ ಗಳಿಸುತ್ತಿದ್ದೇನೆ’ ಎನ್ನುವುದೂ ಒಂದೇ, ‘ದರ ಬದಲಾಗುವುದಿಲ್ಲ ಎಂದು ಬಾಜಿ ಕಟ್ಟಿದ್ದೇನೆ’ ಎನ್ನುವುದೂ ಒಂದೇ. ಅಳಿಯ ಅಲ್ಲ, ಮಗಳ ಗಂಡ.

ನಮ್ಮ ಒಂದು ಕೋಟಿ ಯೆನ್‌ಗೆ ಏನಾಯಿತು ನೋಡಿ. ಜಪಾನಿನಲ್ಲಿ ಸಾಮಾನ್ಯ ಹೂಡಿಕೆದಾರರ ವಿದೇಶಿ ವಿನಿಮಯ ಖಾತೆಗೆ ಕನಿಷ್ಠ ಶೇ 4 ಮಾರ್ಜಿನ್ ಇರಲೇಬೇಕೆಂಬ ನಿಯಮವಿದೆ. ಅದಕ್ಕಿಂತ ಕೆಳಗಿಳಿದರೆ ಬ್ರೋಕರ್ ಖಾತೆಯನ್ನು ತಾನೇ ಮುಚ್ಚುವ ಲೆಕ್ಕ ಹಿಡಿಯೋಣ. ನಾಲ್ಕು ವಾರದಲ್ಲಿ ಕೂಡಿದ ಬಡ್ಡಿ 230 ಡಾಲರ್. ದರ 150.80 ಮುಟ್ಟುವಾಗ ಸಾಲದ ಭಾರ 62,500ರಿಂದ ಸುಮಾರು 66,310 ಡಾಲರಿಗೆ ಏರಿರುತ್ತದೆ. ನಷ್ಟ 3,810. ಮಾರ್ಜಿನ್‌ನಲ್ಲಿ ಉಳಿದದ್ದು 2,670ರಷ್ಟು, ಬೇಕಾದದ್ದು 2,650. ಇನ್ನು ಹತ್ತು ಪೈಸೆಯಷ್ಟು ಇಳಿದರೂ ಆಟ ಮುಗಿಯಿತು. ಒಂದೂಕಾಲು ವರ್ಷದ ಬಡ್ಡಿ ಒಂದು ತಿಂಗಳೊಳಗೆ ಹೋಯಿತು. ಬಡ್ಡಿ ಏರಿಸಿದ ಆ ಜುಲೈ 31ರ ದಿನವೇ ದರ 150ರ ಅಂಚಿಗೆ ಬಂದಿತ್ತು.

ಅಂದು ಬುಧವಾರ. ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಕರೆನ್ಸಿ ವ್ಯವಹಾರದ ಹಣ ಕೈಬದಲಾಗುವುದು ಎರಡು ದಿನದ ನಂತರ. ಹಾಗಾಗಿ ಬುಧವಾರ ರಾತ್ರಿ ದಾಟಿದ ವ್ಯವಹಾರ ಶುಕ್ರವಾರದಿಂದ ಸೋಮವಾರಕ್ಕೆ ಜಿಗಿಯುತ್ತದೆ, ಶನಿವಾರ ಭಾನುವಾರದ ಬಡ್ಡಿಯೂ ಸೇರಿ ಮೂರು ದಿನದ್ದು ಒಟ್ಟಿಗೆ ಜಮೆ ಆಗುತ್ತದೆ. ಕ್ಯಾರಿ ಭಕ್ತರಿಗೆ ಬುಧವಾರವೆಂದರೆ ವಾರದ ಹಬ್ಬ. ಅದಕ್ಕೂ ಹಲವು ಗಂಟೆ ಮೊದಲು, ಟೋಕಿಯೊದ ಹಗಲಿನಲ್ಲೇ, ಬ್ಯಾಂಕು ತನ್ನ ನಿರ್ಧಾರ ಪ್ರಕಟಿಸಿತ್ತು. ಮೂರು ದಿನದ ಇಪ್ಪತ್ತನಾಲ್ಕು ಡಾಲರಿಗೆ ಕಾದು ಕೂತವರ ಎಲೆಯನ್ನು ಬಡಿಸುವ ಮೊದಲೇ ಎತ್ತಿದಂತಾಯಿತು.

ಒಬ್ಬನ ಖಾತೆ ಮುಚ್ಚಿದರೆ ಜಗತ್ತೇಕೆ ಅಲ್ಲಾಡಬೇಕು? ಮುಚ್ಚುವುದು ಎಂದರೆ ಡಾಲರ್ ಮಾರಿ ಯೆನ್ ಕೊಳ್ಳುವುದು. ಕೊಂಡಷ್ಟೂ ಯೆನ್ ಏರುತ್ತದೆ, ಏರಿದಷ್ಟೂ ಪಕ್ಕದವನ ಮಾರ್ಜಿನ್ ಕರಗುತ್ತದೆ, ಅವನೂ ಯೆನ್ ಕೊಳ್ಳಬೇಕು. ದೊಡ್ಡ ಫಂಡುಗಳಲ್ಲಿ ಇನ್ನೊಂದು ಯಂತ್ರವಿದೆ. ಎಷ್ಟು ಹೂಡಬಹುದು ಎಂಬ ಮಿತಿಯನ್ನು ಅವರು ದರದ ಏರಿಳಿತದ ಮೇಲೆ ಕಟ್ಟಿರುತ್ತಾರೆ. ದರ ಸುಮ್ಮನೆ ಮಲಗಿದ್ದಾಗ ‘ಅಪಾಯ ಕಡಿಮೆ’ ಎಂದು ಮಿತಿ ಹಿಗ್ಗುತ್ತದೆ. ಏರಿಳಿತ ದುಪ್ಪಟ್ಟಾದ ದಿನ ಮಿತಿ ಅರ್ಧಕ್ಕಿಳಿಯುತ್ತದೆ, ಲಾಭದಲ್ಲಿರುವವನೂ ಅರ್ಧ ಮಾರಲೇಬೇಕು. ಯೆನ್ ಸಾಲದಲ್ಲಿ ಕೊಂಡದ್ದು ಮೆಕ್ಸಿಕೊದ ಪೆಸೊ ಇರಲಿ, ಅಮೆರಿಕದ ಟೆಕ್ ಷೇರು ಇರಲಿ, ತಪ್ಪು ಅದರದ್ದಲ್ಲ; ಆದರೂ ಮಾರಾಟವಾಗುವುದು ಅದೇ. ಆಗಸ್ಟ್ 2ರ ಶುಕ್ರವಾರ ಅಮೆರಿಕದ ಉದ್ಯೋಗದ ಅಂಕಿಅಂಶ ಸಪ್ಪೆಯಾಗಿ ಬಂತು, ನಿರುದ್ಯೋಗ ಶೇ 4.3. ಅಲ್ಲಿಯ ಬಡ್ಡಿಯೂ ಇಳಿಯಬಹುದು ಎಂದಾಯಿತು. ಸೋಮವಾರ ದರ 142ರ ಕೆಳಗೂ ಇಣುಕಿ ಬಂತು.

ಇದೆಲ್ಲ ‘ಅನಿರೀಕ್ಷಿತ’ವಂತೆ! ಷಿಕಾಗೊ ವಾಯಿದೆ ಪೇಟೆಯಲ್ಲಿ ಯೆನ್ ಬೀಳುತ್ತದೆಂದು ಸಟ್ಟಾಗಾರರು ಕಟ್ಟಿದ ನಿವ್ವಳ ಬಾಜಿ ಜುಲೈ ಆರಂಭದಲ್ಲಿ 1.84 ಲಕ್ಷ ಕಾಂಟ್ರ್ಯಾಕ್ಟ್ ಇತ್ತು, 2007ರ ನಂತರದ ಗರಿಷ್ಠ. ಒಂದೊಂದು 1.25 ಕೋಟಿ ಯೆನ್‌ನದು. ಅಮೆರಿಕದ ಸರ್ಕಾರಿ ನಿಯಂತ್ರಕರು ಪ್ರತಿ ಶುಕ್ರವಾರ ಇದನ್ನು ಪುಕ್ಕಟೆ ಪ್ರಕಟಿಸುತ್ತಾರೆ. ಎಲ್ಲರೂ ಒಂದೇ ಕಡೆ ಕೂತ ದೋಣಿ ಯಾವ ಕಡೆ ಮಗುಚುತ್ತದೆ ಎಂದು ತಿಳಿಯಲು ತಜ್ಞರ ಪ್ಯಾನೆಲ್ ಬೇಕಿರಲಿಲ್ಲ.

ಕುಸಿತದ ನಂತರ ಒಟ್ಟು ಯೆನ್ ಸಾಲ ಎಷ್ಟೆಂಬ ಹರಾಜು ಶುರುವಾಯಿತು. ಬಾಸೆಲ್‌ನ ಅಂತರರಾಷ್ಟ್ರೀಯ ಇತ್ಯರ್ಥ ಬ್ಯಾಂಕು ಅಂಜುತ್ತಲೇ ಸುಮಾರು 40 ಲಕ್ಷ ಕೋಟಿ ಯೆನ್, ಅಂದರೆ 25,000 ಕೋಟಿ ಡಾಲರ್ ಎಂದಿತು. ಅದರ ಹಲವು ಪಟ್ಟು ಕೂಗಿದವರಿಗೆ ಲೆಕ್ಕವಿಲ್ಲ. ಬಹಳಷ್ಟು ಯೆನ್ ಸಾಲ, ಒಂದು ಕರೆನ್ಸಿ ಕೊಟ್ಟು ಇನ್ನೊಂದನ್ನು ಪಡೆದು ಮುಂದೆ ಮರಳಿಸುವ ಕರೆನ್ಸಿ ಸ್ವಾಪ್ ರೂಪದಲ್ಲಿರುವುದರಿಂದ ಸಾಲವೆಂದು ಯಾರ ಜಮಾಖರ್ಚಿನಲ್ಲೂ ಕಾಣುವುದಿಲ್ಲ. ಕೊನೆಗೆ ಎಲ್ಲರ ಬೆರಳೂ ತಿರುಗಿದ್ದು ಮಿಸೆಸ್ ವಾತನಾಬೆಯತ್ತ. ಹಣಕಾಸು ಪತ್ರಕರ್ತರು ಹೆತ್ತು ಸಾಕಿದ ಕಾಲ್ಪನಿಕ ಜಪಾನಿ ಗೃಹಿಣಿ ಈಕೆ. ಮನೆಯ ಉಳಿತಾಯವನ್ನೆಲ್ಲ ವಿದೇಶಿ ಕರೆನ್ಸಿಗೆ ಹಾಕುತ್ತಾಳಂತೆ. ನೂರಾರು ಕೋಟಿಯ ಫಂಡು ಇದನ್ನೇ ಮಾಡಿದರೆ ‘ಜಾಗತಿಕ ಮ್ಯಾಕ್ರೊ ತಂತ್ರ’, ಅವಳು ಮಾಡಿದರೆ ದುರಾಸೆ.

ಸರ್ಕಾರದ್ದು ಇನ್ನೊಂದು ಪ್ರಹಸನ. ಯೆನ್ ತೀರಾ ಬಿದ್ದಿದೆ, ಎತ್ತಬೇಕು ಎಂದು ಜಪಾನಿನ ಹಣಕಾಸು ಸಚಿವಾಲಯ ಏಪ್ರಿಲ್ ಕೊನೆಯಿಂದ ಜುಲೈವರೆಗೆ ಸುಮಾರು 15 ಲಕ್ಷ ಕೋಟಿ ಯೆನ್ ಮೌಲ್ಯದ ಡಾಲರ್ ಸುರಿದಿತ್ತು. ಯೆನ್ ಎದ್ದಿತು. ಎದ್ದದ್ದೇ ತಡ, ‘ಅಯ್ಯೋ ಎದ್ದುಬಿಟ್ಟಿತು’ ಎಂದು ಆಗಸ್ಟ್ 6ರಂದು ಸಚಿವಾಲಯ, ಹಣಕಾಸು ಸೇವಾ ಸಂಸ್ಥೆ, ಕೇಂದ್ರ ಬ್ಯಾಂಕು ಮೂರೂ ಸೇರಿ ತುರ್ತು ಸಭೆ ಮಾಡಿದವು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಇಲ್ಲಿ ಬಾಗಿಲು ತೆಗೆದುಕೊಟ್ಟವರೂ ಅವರೇ.

ಮರುದಿನ ಕೇಂದ್ರ ಬ್ಯಾಂಕಿನ ಉಪಗವರ್ನರ್ ಶಿನಿಚಿ ಉಚಿದಾ ಹೇಳಿದರು: ಮಾರುಕಟ್ಟೆ ಅಸ್ಥಿರವಾಗಿರುವಾಗ ಬಡ್ಡಿ ಏರಿಸುವುದಿಲ್ಲ. ಯೆನ್ ಮತ್ತೆ ಇಳಿಯಿತು, ಎಲ್ಲರೂ ಉಸ್ಸೆಂದರು. ಇಲ್ಲಿ ನಗು ಬರುವುದಿಲ್ಲ. ಅಗ್ಗದ ಸಾಲವನ್ನು ಹತ್ತು ಪಟ್ಟು ಮಾಡಿ ಆಡಿದವರು ಅತ್ತರೆ ಸಾಲದ ದರ ಏರುವುದಿಲ್ಲ ಎಂದು ಸಾಲ ಕೊಡುವ ಮನೆಯ ಯಜಮಾನನೇ ಮಾತು ಕೊಟ್ಟ ಹಾಗಾಯಿತು. ಬಿದ್ದ ಯೆನ್‌ನಿಂದ ಆಮದಿನ ಎಣ್ಣೆ, ಗೋಧಿ ಎಲ್ಲ ದುಬಾರಿಯಾಗಿ ಎರಡು ವರ್ಷ ಒದ್ದಾಡಿದ ಜಪಾನಿನ ಸಂಬಳದಾರ ಅತ್ತಾಗ ಇಂಥ ಅವಸರದ ಮಾತು ಯಾರೂ ಆಡಿರಲಿಲ್ಲ. ಆ ಸೋಮವಾರ ಹೆದರಿ ಷೇರು ಮಾರಿದ, ಕ್ಯಾರಿ ಎಂಬ ಪದವನ್ನೇ ಕೇಳದ ನಿವೃತ್ತನಿಗೆ ಮಂಗಳವಾರದ 3,217 ಅಂಶವೂ ಸಿಗಲಿಲ್ಲ. ಸಾಕಾಗಿದೆ.

2025ರ ಜನವರಿಯಲ್ಲಿ ಬಡ್ಡಿಯನ್ನು ಶೇ 0.5ಕ್ಕೆ ಏರಿಸುವಾಗ ಬ್ಯಾಂಕಿನವರು ಮೊದಲೇ ಸುಳಿವು ಕೊಟ್ಟು, ಕೆಮ್ಮಿ, ಬಾಗಿಲು ತಟ್ಟಿ ಒಳಬಂದರು. ಏನೂ ಆಗಲಿಲ್ಲ. ತಜ್ಞರಿಗೆ ತುಸು ಬೇಸರವೇ ಆಗಿರಬೇಕು. ಅಮೆರಿಕದ ಬಡ್ಡಿ ಆಗಲೂ ನಾಲ್ಕರ ಮೇಲಿತ್ತು, ಅಂತರ ಇನ್ನೂ ರುಚಿಯಾಗಿಯೇ ಇತ್ತು. ಬ್ರೋಕರ್‌ಗಳು ಸ್ವಾಪ್ ಪಟ್ಟಿಯನ್ನು ಎಂದಿನಂತೆ ಪ್ರಕಟಿಸಿದರು: ಪ್ರತಿ ರಾತ್ರಿಗೆ ಒಂದು ದಿನದ ಬಡ್ಡಿ, ಬುಧವಾರ ಮಾತ್ರ ಮೂರು ದಿನದ್ದು.